ಮಗಳ ಫಿಟ್ಸ್ ವಹಿಯನ್ನು ಒಂದು ಹಾಳೆಗೆ ಇಳಿಸಿದ್ದು: ಒಂದು ಮೇ ತಿಂಗಳ ಲೆಕ್ಕ

ಜೂನ್ ಮೊದಲ ವಾರ ಕಲಬುರಗಿಯಲ್ಲಿ ಮಕ್ಕಳ ನರರೋಗದ ಡಾಕ್ಟರ ಮೇಜಿನ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಫೆಬ್ರವರಿಯಿಂದ ಒಂದು ದಿನವೂ ಬಿಡದೆ ಬರೆದಿದ್ದೆ. ಶಹಾಪುರದಿಂದ ನಸುಕಿನಲ್ಲೇ ಬಸ್ ಹಿಡಿದು, ಜೇವರ್ಗಿ ಮೇಲೆ ಹಾದು, ಹತ್ತು ಗಂಟೆಗೆ ಚೀಟಿ ಮಾಡಿಸಿದ್ದೆವು. ನಮ್ಮ ಪಾಳಿ ಬಂದದ್ದು ಒಂದೂವರೆಗೆ. ನನಗೆ ಬಸ್ಸು ಉಚಿತ, ಯಜಮಾನರಿಗೆ ಮಾತ್ರ ಟಿಕೆಟ್. ಡಾಕ್ಟರ ಫೀಸು 600. ಖರ್ಚಿಗಿಂತ ಕಷ್ಟ ಅನ್ನಿಸಿದ್ದು ಕಾಯುವುದು. ಏಳು ವರ್ಷದ ಹುಡುಗಿ ಮೂರೂವರೆ ತಾಸು ಒಂದೇ ಬೆಂಚಿನ ಮೇಲೆ ಹೇಗೆ ಕೂತಾಳು?

ಡಾಕ್ಟರು ನೋಟ್‌ಬುಕ್ ತೆರೆದು ನಾಲ್ಕಾರು ಪುಟ ತಿರುವಿದರು. ಆಮೇಲೆ ಮುಚ್ಚಿ ಕೇಳಿದರು: "ಹೋದ ತಿಂಗಳ ಎಷ್ಟ್ ಸಲ ಬಂದದ್ರಿ ಅಮ್ಮಾ?"

"ಎಂಟೊಂಬತ್ತ್ ಸಲ ಬಂದಿರಬೇಕ್ರಿ."

"ಹಗಲೋ ರಾತ್ರಿಯೋ? ಎಷ್ಟ್ ಹೊತ್ತ ಇರ್ತದ? ದವಾ ಎಷ್ಟ್ ಸಲ ತಪ್ಪ್ಯಾದ?"

ನಾಲ್ಕು ಪ್ರಶ್ನೆ, ಒಂದಕ್ಕೂ ನನ್ನ ಬಾಯಲ್ಲಿ ಖಚಿತ ಉತ್ತರವಿಲ್ಲ. ಉತ್ತರವೆಲ್ಲ ಆ ನೋಟ್‌ಬುಕ್ಕಿನಲ್ಲೇ ಇತ್ತು, ಆದರೆ ಅಳುತ್ತ ಬರೆದ ಸಾಲುಗಳ ನಡುವೆ ಹುದುಗಿತ್ತು. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಫಿಟ್ಸ್ ಕಂಟ್ರೋಲ್ ಆಗಿಲ್ಲ ಅಂದ್ರ ಡೋಸ್ ಏರಿಸಬೇಕು, ಇಲ್ಲಾ ಎರಡನೇ ಔಷಧಿ ಸೇರಿಸಬೇಕು. ಆದ್ರ ಮೊದಲ ನನಗ ಮೇ ತಿಂಗಳದ್ದು ಒಂದು ಹಾಳಿ ಮಾಡಿ ತರ್ರಿ. ಒಂದೇ ಹಾಳಿ. ಎರಡು ವಾರ ಬಿಟ್ಟು ಬರ್ರಿ" ಎಂದರು.

ಆ ಒಂದು ಹಾಳೆ ಮಾಡಲು ನನಗೆ ಒಂಬತ್ತು ರಾತ್ರಿ ಬೇಕಾಯಿತು. ನಮ್ಮ ಹಾಗೆ ವಹಿ ಬರೆಯುವ ಅಪ್ಪ ಅವ್ವಂದಿರಿಗೆ ಅಷ್ಟು ದಿನ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ವಹಿಯ ಒಂದು ಬರಹ ಹೀಗಿತ್ತು: "ಮೇ 8. ನಸುಕಿನ್ಯಾಗ ಬಂತು. 10 ನಿಮಿಷ. ಬಾಯಿ ಬಲಕ್ಕ ಸೊಟ್ಟ ಆಯ್ತು, ಜೊಲ್ಲು, ಬಲಗೈ ಜಗ್ಗತಿತ್ತು. ನಿನ್ನೆ ಐಸ್‌ಕ್ರೀಂ ತಿಂದಿದ್ದಳು. ದೇವರೇ ಕಾಪಾಡು." ಇದರಲ್ಲಿ ಡಾಕ್ಟರಿಗೆ ಬೇಕಾದದ್ದು ಬಾಯಿ ಬಲಕ್ಕೆ ಸೊಟ್ಟಗಾದದ್ದು, ಬಲಗೈ ಜಗ್ಗಿದ್ದು. ಅದನ್ನು ಸರಿಯಾಗಿಯೇ ಬರೆದಿದ್ದೆ. ಉಳಿದ ಮೂರೂ, ಅಂದರೆ ವೇಳೆ, ಅವಧಿ, ಕಾರಣ, ತಪ್ಪಾಗಿದ್ದವು.

ಮೊದಲು ವೇಳೆ. "ನಸುಕು" ಅಂದರೆ ನಾಲ್ಕೋ ಆರೋ? "ರಾತ್ರಿ" ಅಂದರೆ ಮಲಗಿದ ಕೂಡಲೇ ಬಂತೋ, ನಡುರಾತ್ರಿಯೋ? ಯಜಮಾನರ ಫೋನು ಇಲ್ಲಿ ಕೈಹಿಡಿಯಿತು. ಫಿಟ್ಸ್ ಬಂದಾಗಲೆಲ್ಲ ಅವರು ಯಾರಿಗಾದರೂ ಫೋನು ಮಾಡಿರುತ್ತಿದ್ದರು, ತಮ್ಮನಿಗೋ ನನ್ನ ಅಣ್ಣನಿಗೋ. ಕರೆಗಳ ಪಟ್ಟಿಯಲ್ಲಿ ಗಂಟೆ ನಿಮಿಷ ಸಮೇತ ಎಲ್ಲ ಇತ್ತು. ಮೇ 8ರದು 5.12ಕ್ಕೆ ಮಾಡಿದ ಕರೆ, ಅಂದರೆ ಫಿಟ್ಸ್ 5.10ರ ಸುಮಾರು. ಹಳೆಯ ತಿಂಗಳ ಲೆಕ್ಕ ತೆಗೆಯುವವರು ಮೊದಲು ಕರೆಗಳ ಪಟ್ಟಿ, ವಾಟ್ಸ್ಆ್ಯಪ್ ಸಂದೇಶ, ವಿಡಿಯೋಗಳ ಸಮಯ ನೋಡಿ. ಕೆಲವು ಫೋನುಗಳಲ್ಲಿ ಹಳೆಯ ಕರೆಗಳು ಅಳಿದುಹೋಗುತ್ತವೆ, ಆದ್ದರಿಂದ ಬೇಗ ನೋಡಿ.

ತಾರೀಕಿನದೂ ಒಂದು ತೊಡಕಿತ್ತು. ನಸುಕಿನ ಐದು ಗಂಟೆಯ ಫಿಟ್ಸನ್ನು ನಾನು ಕೆಲವು ಸಲ ಹಿಂದಿನ ದಿನದ ಪುಟದಲ್ಲೇ ಬರೆದಿದ್ದೆ, ಯಾಕೆಂದರೆ ನಮ್ಮ ಮಟ್ಟಿಗೆ ಇನ್ನೂ ಬೆಳಗಾಗಿರಲಿಲ್ಲ. ಔಷಧಿಯ ಪುಟದ ಜೊತೆ ಹೊಂದಿಸುವಾಗ ಇದು ಗೊಂದಲ ಮಾಡಿತು. ಆಮೇಲೆ ಒಂದು ನಿಯಮ ಹಾಕಿಕೊಂಡೆ: ಗಡಿಯಾರದಲ್ಲಿ 12 ದಾಟಿದರೆ ಹೊಸ ತಾರೀಕು, ಪ್ರತಿ ಫಿಟ್ಸ್ ಎದುರು "ಹಿಂದಿನ ಡೋಸ್ ಯಾವಾಗ, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ" ಎಂದು ಬೇರೆಯಾಗಿ ಬರೆಯುವುದು.

ಮೇ ತಿಂಗಳಲ್ಲಿ ಒಟ್ಟು ಒಂಬತ್ತು ದಾಖಲೆ ಇದ್ದವು. ಅವುಗಳಲ್ಲಿ ಎರಡರ ಬಗ್ಗೆ ನನಗೇ ಅನುಮಾನವಿತ್ತು. 10ನೇ ತಾರೀಕು ಟಿವಿ ನೋಡುತ್ತ ಕಣ್ಣು ನೆಟ್ಟು ಕೂತಿದ್ದಳು, ಭುಜ ಮುಟ್ಟಿ ಕರೆದ ಕೂಡಲೇ ತಿರುಗಿದಳು. 19ರಂದು ನಿದ್ದೆಯಲ್ಲಿ ಒಮ್ಮೆ ಬೆಚ್ಚಿ ಕೈ ಕೊಡವಿದಳು, ಅಷ್ಟೇ. ಇವನ್ನು ಫಿಟ್ಸ್ ಎಂದು ಎಣಿಸಿದರೆ ಸಂಖ್ಯೆ ಏರುತ್ತದೆ, ಬಿಟ್ಟುಬಿಟ್ಟರೆ ನಿಜವಾದ ಒಂದನ್ನು ಮುಚ್ಚಿಟ್ಟ ಹಾಗೆ ಆಗಬಹುದು. ಅದಕ್ಕೇ "ಖಚಿತ 7, ಸಂಶಯ 2" ಎಂದು ಬೇರೆ ಬೇರೆ ಬರೆದೆ. ಡಾಕ್ಟರು ಆಮೇಲೆ ಇದನ್ನೇ ಮೊದಲು ಮೆಚ್ಚಿದರು. ಕರೆದಾಗ, ಮುಟ್ಟಿದಾಗ ಮಗು ತಿರುಗಿತೋ ಇಲ್ಲವೋ ಎಂಬ ಒಂದು ಸಾಲು ಸಂಶಯದ ದಾಖಲೆಗೆ ತುಂಬ ಮುಖ್ಯ ಎಂದರು.

ಏಳು ಖಚಿತ ಫಿಟ್ಸ್‌ಗಳನ್ನು ಗಡಿಯಾರದ ಮೇಲೆ ಇಟ್ಟಾಗ ನನಗೆ ಮೈ ಜುಮ್ಮೆಂದಿತು. ಐದು ಬಂದದ್ದು ನಸುಕಿನ 4.30ರಿಂದ 6.30ರ ಒಳಗೆ. ಒಂದು ರಾತ್ರಿ 10.15ಕ್ಕೆ, ಮಲಗಿ ಒಂದು ತಾಸಿನ ಮೇಲೆ. ಇನ್ನೊಂದು ಮಧ್ಯಾಹ್ನ ಮೂರಕ್ಕೆ, ಅದೂ ಜ್ವರದಲ್ಲಿ ಮಲಗಿದ್ದಾಗ. ಎಚ್ಚರವಿದ್ದಾಗ ಬಂದದ್ದು ಒಂದೂ ಇಲ್ಲ. ನಾಲ್ಕು ತಿಂಗಳು ನಾನು ಅವಳನ್ನು ಅಂಗಳದಲ್ಲಿ ಆಡಲು ಬಿಡದೆ ಬೆನ್ನ ಹಿಂದೆ ಓಡಾಡಿದ್ದೆ. ಬಂದದ್ದೆಲ್ಲ ಹಾಸಿಗೆಯಲ್ಲಿ, ಮನೆಯವರು ಯಾರಾದರೂ ಅವಳ ಪಕ್ಕದಲ್ಲೇ ಇದ್ದಾಗ.

ಇನ್ನು ಅವಧಿ. ವಹಿಯಲ್ಲಿ ಎಲ್ಲ ಕಡೆ ಹತ್ತು ನಿಮಿಷ, ಹದಿನೈದು ನಿಮಿಷ ಎಂದಿತ್ತು. ಮೇ 8ರದಕ್ಕೆ ಯಜಮಾನರು ವಿಡಿಯೋ ಮಾಡಿದ್ದರು. ಮಾಡುವಾಗ ನಾನು ಸಿಟ್ಟಾಗಿದ್ದೆ, ಮಗಳು ಹೀಗೆ ಒದ್ದಾಡುವಾಗ ಫೋನು ಹಿಡಿಯುವುದೇ ಎಂದು. ಹಾಳೆ ಮಾಡುವಾಗ ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಆ ವಿಡಿಯೋ ಮೊದಲ ಸಲ ನೋಡಿದೆ. ಫ್ಯಾನಿನ ಸದ್ದು, ಅತ್ತೆಯವರು "ಶರಣಬಸಪ್ಪಾ, ಶರಣಬಸಪ್ಪಾ" ಎನ್ನುವುದು, ನನ್ನ ಅಳು. ನನ್ನ ಕಣ್ಣು ಅವಳ ಬಲಗೈ ಹೆಬ್ಬೆರಳ ಮೇಲೇ ಇತ್ತು. ಅದು ಜಗ್ಗುತ್ತ ಜಗ್ಗುತ್ತ ನಿಧಾನವಾಗಿ, 1 ನಿಮಿಷ 25 ಸೆಕೆಂಡಿಗೆ ನಿಂತುಹೋಯಿತು. ಅಲ್ಲಿಂದ ಮುಂದೆ ದೊಡ್ಡ ಉಸಿರು, ಗೊರಕೆ, ನಿದ್ದೆ. ಫೋನು ಹುಡುಕಿ ವಿಡಿಯೋ ಶುರು ಮಾಡಲು ಅರ್ಧ ನಿಮಿಷ ಹೋಗಿರಬೇಕು ಎಂದು ಯಜಮಾನರು ಹೇಳಿದರು. ಎಲ್ಲ ಸೇರಿ ಎರಡು ನಿಮಿಷ. ನಾನು ಬರೆದ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅವಳು ಸುಸ್ತಾಗಿ ಮಲಗಿದ್ದಳು.

ಫಿಟ್ಸ್ ಮುಗಿದ ಮೇಲಿನ ಮಂಪರು ಫಿಟ್ಸಿನ ಅವಧಿ ಅಲ್ಲ. ಜಗ್ಗುವುದು ಶುರುವಾದದ್ದರಿಂದ ನಿಲ್ಲುವವರೆಗೆ ಒಂದು ಲೆಕ್ಕ, ಅಲ್ಲಿಂದ ಮಗು ಸರಿಯಾಗಿ ಮಾತಾಡುವವರೆಗೆ ಇನ್ನೊಂದು ಲೆಕ್ಕ. ಎರಡೂ ಬರೆಯಬೇಕು, ಬೇರೆ ಬೇರೆ. ಇದು ಯಾಕೆ ಇಷ್ಟು ಮುಖ್ಯ ಎಂದರೆ, ಐದು ನಿಮಿಷ ದಾಟಿದ ಫಿಟ್ಸನ್ನು ಡಾಕ್ಟರು ತುರ್ತು ಎಂದು ಪರಿಗಣಿಸುತ್ತಾರೆ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಶುರುವಾದರೆ, ಹಾಳೆ ಪೆನ್ನು ಬಿಟ್ಟು ದವಾಖಾನೆಗೆ ಓಡಬೇಕು. ನನ್ನ ಹತ್ತು ಹದಿನೈದು ನಿಮಿಷಗಳನ್ನು ಡಾಕ್ಟರು ನಂಬಿದ್ದರೆ ಅವಳ ಕಾಯಿಲೆ ಇರುವುದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತಿತ್ತು.

ಏಳರಲ್ಲಿ ಮೂರಕ್ಕೆ ಮಾತ್ರ ಅಳೆದ ಅವಧಿ ಸಿಕ್ಕಿತು: ವಿಡಿಯೋದ ಇದು, ನಾದಿನಿ ಗಡಿಯಾರ ನೋಡಿದ್ದು, ಇನ್ನೊಂದು ಯಜಮಾನರು ನೋಡಿದ್ದು. ಮೂರನ್ನು ಅಂದಾಜಿನಲ್ಲಿ ಹೇಳಬಹುದಿತ್ತು. ಒಂದರ ಆರಂಭವನ್ನು ಯಾರೂ ನೋಡಿರಲಿಲ್ಲ; ದಿಂಬು ಒದ್ದೆಯಾಗಿತ್ತು, ಕೈ ಇನ್ನೂ ಜಗ್ಗುತ್ತಿತ್ತು. ಮೊದಲು ನಾನು ಎಲ್ಲ ಕೂಡಿಸಿ ಸರಾಸರಿ ತೆಗೆದಿದ್ದೆ. ಆಮೇಲೆ ಅಳಿಸಿದೆ. ಅಳೆದದ್ದನ್ನೂ ಅಂದಾಜನ್ನೂ ಕೂಡಿಸಿದರೆ ಅಂದಾಜೇ ಗೆಲ್ಲುತ್ತದೆ. ಅಳೆದ ಮೂರರಲ್ಲಿ ಕಡಿಮೆ ಎಷ್ಟು, ಹೆಚ್ಚು ಎಷ್ಟು ಎಂದಷ್ಟೇ ಬರೆದು, ಉಳಿದ ನಾಲ್ಕರ ಮುಂದೆ "ಅಂದಾಜು", "ಆರಂಭ ನೋಡಿಲ್ಲ" ಎಂದು ಹಾಕಿದೆ.

ಔಷಧಿಯ ಲೆಕ್ಕ ಸುಲಭ ಎಂದುಕೊಂಡಿದ್ದೆ, ಅದೇ ನನ್ನನ್ನು ಅಲ್ಲಾಡಿಸಿತು.

ಮಗಳ ತೂಕ 20 ಕಿಲೋ. ಅವಳಿಗೆ ಬರೆದದ್ದು ಲೆವೆಟಿರಾಸಿಟಮ್ ಸಿರಪ್, ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವುದು, ಬೆಳಗ್ಗೆ 8ಕ್ಕೆ 3 ಎಂಎಲ್, ರಾತ್ರಿ 8ಕ್ಕೆ 3 ಎಂಎಲ್. ಇದು ಅವಳ ತೂಕ ನೋಡಿ ಬರೆದದ್ದು, ನಿಮ್ಮ ಮಗುವಿನದು ನಿಮ್ಮ ಚೀಟಿಯಲ್ಲಿದ್ದ ಹಾಗೆ. ಮೇ ತಿಂಗಳಿಗೆ 31 ದಿನ, ಅಂದರೆ 62 ಡೋಸ್. ವಹಿಯಲ್ಲಿ 60ಕ್ಕೆ ಟಿಕ್ ಇತ್ತು, ಎರಡು ತಪ್ಪಿವೆ ಎಂದು ಬರೆದಿತ್ತು. ನೂರಕ್ಕೆ 97. ಹೆಮ್ಮೆಯಿಂದಲೇ ಬರೆದುಕೊಂಡೆ.

ನಮ್ಮ ಓಣಿಯ ಮೆಡಿಕಲ್ ಅಂಗಡಿಯವರಿಗೆ ಹಾಳೆಯ ಮಾತು ಹೇಳಿದಾಗ ಅವರು ಒಂದು ಮಾತು ಕೇಳಿದರು: "ಅಕ್ಕೋರೆ, ಬಾಟ್ಲಿ ಯಾವಾಗ ಒಡೆದಿದ್ರಿ, ಈಗ ಎಷ್ಟು ಉಳಿದಾದ?" ಮೇ 1ರ ಬೆಳಗ್ಗೆ ಹೊಸ ಬಾಟ್ಲಿ ಒಡೆದದ್ದು ನನಗೆ ನೆನಪಿತ್ತು, ಅವತ್ತು ರಜೆ. ಬಾಟ್ಲಿಗೆ 100 ಎಂಎಲ್. ದಿನಕ್ಕೆ 6 ಎಂಎಲ್‌ನಂತೆ 31 ದಿನಕ್ಕೆ 186 ಎಂಎಲ್ ಖಾಲಿಯಾಗಬೇಕು. ಎರಡು ಬಾಟ್ಲಿ ಎಂದರೆ 200. ತಿಂಗಳ ಕೊನೆಗೆ ಎರಡನೇ ಬಾಟ್ಲಿಯಲ್ಲಿ 14 ಎಂಎಲ್ ಉಳಿಯಬೇಕಿತ್ತು. ಆದರೆ ಜೂನ್ 1ರ ಬೆಳಗ್ಗೆ ಕಲಬುರಗಿಗೆ ಒಯ್ಯಲೆಂದು ಬೇರೆ ಹೊಸ ಬಾಟ್ಲಿ ಒಡೆದಿದ್ದೆವು, ಹಳೆಯದು ಹಾಗೇ ಕಪಾಟಿನಲ್ಲಿತ್ತು. ಸೂಜಿಯಿಲ್ಲದ ಸಿರಿಂಜಿನಿಂದ ಐದೈದು ಎಂಎಲ್ ಎಳೆದು ಲೋಟಕ್ಕೆ ಹಾಕಿ ಅಳೆದೆ. 41 ಎಂಎಲ್ ಬಂತು.

ಎರಡು ಸಲ ಅಳೆದೆ. ಅಷ್ಟೇ. 27 ಎಂಎಲ್ ಹೆಚ್ಚು, ಅಂದರೆ ಒಂಬತ್ತು ಡೋಸ್ ಅವಳ ಹೊಟ್ಟೆಗೆ ಹೋಗಿಲ್ಲ. ಬಾಟ್ಲಿಯಲ್ಲಿ ಬರೆದದ್ದಕ್ಕಿಂತ ಒಂದೆರಡು ಎಂಎಲ್ ಹೆಚ್ಚೇ ತುಂಬಿರಬಹುದು, ಆದರೆ 27 ಅಲ್ಲ. ಚೆಲ್ಲಿದ್ದು, ಉಗುಳಿದ್ದು ಇದ್ದರೆ ಉಳಿಕೆ ಕಡಿಮೆ ಆಗಬೇಕೇ ಹೊರತು ಹೆಚ್ಚಾಗುವುದಿಲ್ಲ. ಹಾಗಾಗಿ ಉಳಿದದ್ದು ಹೆಚ್ಚಿದ್ದರೆ ಅದು ಸುಳ್ಳು ಹೇಳುವುದು ಕಷ್ಟ.

ಎರಡು ಡೋಸ್ ನಾನೇ ಬರೆದಿದ್ದೆ. ಉಳಿದವು ಎಲ್ಲಿ ಹೋದವು? ಅತ್ತೆಯವರನ್ನು ಕೇಳಲು ನನಗೆ ಎರಡು ದಿನ ಧೈರ್ಯ ಬರಲಿಲ್ಲ. ಮೇ 12ರಿಂದ ನಾಲ್ಕು ರಾತ್ರಿ ಮಗಳು ಅವರ ಜೊತೆ ಸುರಪುರದಲ್ಲಿ ಮದುವೆ ಮನೆಯಲ್ಲಿದ್ದಳು. ನನಗೆ ತರಬೇತಿ ಇತ್ತು, ನಾನು ಹೋಗಿರಲಿಲ್ಲ. ವಹಿ ಶಹಾಪುರದಲ್ಲೇ ಉಳಿದಿತ್ತು. ಅವರು ವಾಪಸ್ ಬಂದ ದಿನ ನಾನೇ ಕೂತು ನಾಲ್ಕೂ ದಿನಕ್ಕೆ ಎಂಟು ಟಿಕ್ ಹಾಕಿದ್ದೆ. ಕೊಟ್ಟಿರುತ್ತಾರೆ ಎಂದು.

ಒಲೆಯ ಮುಂದೆ ಕೂತಿದ್ದಾಗ ಮೆತ್ತಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮುಂಜಾನಿ ತಪ್ಪದಂಗ ಕೊಟ್ಟೀನಿ ಯವ್ವಾ. ರಾತ್ರಿ ಅಲ್ಲಿ ಊಟನೇ ಹತ್ತಕ್ಕ ಆಗ್ತಿತ್ತು, ಕೂಸು ಅಲ್ಲೇ ಮಲಗಿಬಿಡ್ತಿತ್ತು. ನಿದ್ದಿ ಕೆಡಬಾರದು, ನಿದ್ದಿ ಕೆಟ್ರ ಫಿಟ್ಸ್ ಬರ್ತದ ಅಂತ ನೀವೇ ಹೇಳಿದ್ರಲ್ಲ? ಅದಕ್ಕ ಎಬ್ಬಿಸಲಿಲ್ಲ."

ಅವರ ಮಾತಿನಲ್ಲಿ ತಪ್ಪೇನಿದೆ? ನಿದ್ದೆಯ ಮಾತನ್ನು ನಾವು ಹತ್ತು ಸಲ ಹೇಳಿದ್ದೆವು, ಮಲಗಿದ್ದರೂ ಎಬ್ಬಿಸಿ ಔಷಧಿ ಕೊಡಿ ಎಂದು ಒಮ್ಮೆಯೂ ಹೇಳಿರಲಿಲ್ಲ. ಕಣ್ಣೀರು ಬಂದದ್ದು ಇಬ್ಬರಿಗೂ.

ಅಲ್ಲಿಗೆ ನಾಲ್ಕು ಡೋಸ್ ಸಿಕ್ಕವು. ಬರೆದ ಎರಡು ಸೇರಿ ಆರು, ಅಂದರೆ 18 ಎಂಎಲ್. ಇನ್ನೂ 9 ಎಂಎಲ್ ಬಾಕಿ. ಅದರ ಉತ್ತರ ಬಾಟ್ಲಿಯ ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಕಪ್ಪಿನಲ್ಲಿತ್ತು. ಅದರಲ್ಲಿ 2.5ಕ್ಕೆ ಒಂದು ಗೆರೆ, 5ಕ್ಕೆ ಒಂದು ಗೆರೆ. 3ಕ್ಕೆ ಗೆರೆಯೇ ಇಲ್ಲ. ನಾನು ಗೆರೆಗಿಂತ ಒಂದಿಷ್ಟು ಮೇಲೆ ಹಾಕುತ್ತಿದ್ದೆ. ಅತ್ತೆಯವರು ಸರಿಯಾಗಿ ಗೆರೆಗೇ ಹಾಕುತ್ತಿದ್ದರು, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು. ಒಂದು ಸಲಕ್ಕೆ ಅರ್ಧ ಎಂಎಲ್ ಕಡಿಮೆ. ಆ ತಿಂಗಳು ಅವರು ಹದಿನೈದಿಪ್ಪತ್ತು ಸಲ ಕೊಟ್ಟಿರಬೇಕು. ಲೆಕ್ಕ ಹೆಚ್ಚೂಕಡಿಮೆ ಅಲ್ಲಿಗೆ ಕೂಡಿತು. ಈಗ ಕಪ್ಪನ್ನು ಎಸೆದು, ಹತ್ತು ರೂಪಾಯಿಯ 5 ಎಂಎಲ್ ಸಿರಿಂಜಿನ ಮೇಲೆ 3ರ ಜಾಗದಲ್ಲಿ ಉಗುರುಬಣ್ಣದ ಗೆರೆ ಎಳೆದಿದ್ದೇವೆ. ಯಾರು ಕೊಟ್ಟರೂ ಒಂದೇ ಅಳತೆ.

ಕೊನೆಗೆ ಕಾರಣಗಳು. ವಹಿಯ ಆ ಜಾಗದಲ್ಲಿ ಐಸ್‌ಕ್ರೀಂ, ಬಿಸಿಲು, ಟಿವಿ, ಹೆದರಿಕೆ, ಅಮಾವಾಸ್ಯೆ ಎಲ್ಲ ಇದ್ದವು. ಇವೆಲ್ಲ ಫಿಟ್ಸ್ ಬಂದ ದಿನ ಮಾತ್ರ ಬರೆದವು ಎಂಬುದು ಹಾಳೆ ಮಾಡುವಾಗ ಕಣ್ಣಿಗೆ ಬಿತ್ತು. ಐಸ್‌ಕ್ರೀಂ ತಿಂದು ಫಿಟ್ಸ್ ಬರದ ದಿನ ಎಷ್ಟು? ಮೇ ತಿಂಗಳ ನಮ್ಮ ಬಿಸಿಲಿಗೆ ಮಕ್ಕಳು ದಿನಾ ಏನಾದರೊಂದು ತಣ್ಣಗಿನದು ತಿನ್ನುತ್ತವೆ. ಬಂದ ದಿನವನ್ನಷ್ಟೇ ನೋಡಿದರೆ ಎಲ್ಲವೂ ಕಾರಣವಾಗಿಯೇ ಕಾಣುತ್ತದೆ. ಅಮಾವಾಸ್ಯೆಯದನ್ನು ಅತ್ತೆಯವರ ಎದುರೇ ಕ್ಯಾಲೆಂಡರ್ ಇಟ್ಟು ನೋಡಿದೆವು: ಫೆಬ್ರವರಿಯಿಂದ ಮೇವರೆಗೆ ನಾಲ್ಕು ಅಮಾವಾಸ್ಯೆ, ಒಂದರಲ್ಲಿ ಮಾತ್ರ ಫಿಟ್ಸ್. ಅವರು ತಲೆಯಾಡಿಸಿ, "ಹಂಗಾದ್ರ ಅದು ಬ್ಯಾಡ, ತೆಗಿ" ಎಂದರು.

ಹಿಂದಕ್ಕೆ ಹೋಗಿ ಪ್ರತಿ ದಿನದ್ದೂ ನೆನಪಿಸಿಕೊಳ್ಳಲು ಸಾಧ್ಯವಿದ್ದದ್ದು ಮೂರೇ: ಜ್ವರ, ನಿದ್ದೆ, ರಾತ್ರಿಯ ಡೋಸ್. ಏಳು ವರ್ಷದ ಮಗುವಿಗೆ 9 ತಾಸಾದರೂ ನಿದ್ದೆ ಬೇಕು, ಅದಕ್ಕಿಂತ ಕಡಿಮೆಯಾದ ರಾತ್ರಿಗಳನ್ನು ಗುರುತು ಮಾಡಿದೆ. ಮದುವೆಯ ನಾಲ್ಕು, ಕರೆಂಟು ಹೋಗಿ ಸೆಕೆಗೆ ಹೊರಳಾಡಿದ ಮೂರು, ಒಟ್ಟು ಏಳು. ಈ ಏಳರಲ್ಲಿ ನಾಲ್ಕರ ಮರು ನಸುಕಿಗೆ ಫಿಟ್ಸ್ ಬಂದಿತ್ತು. ಉತ್ತರ ಸಿಕ್ಕಿತು, ನಿದ್ದೆಗೇಡೇ ಕಾರಣ ಎಂದು ಬರೆದೂಬಿಟ್ಟೆ.

ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು, ಮದುವೆಯ ನಾಲ್ಕೂ ರಾತ್ರಿ ಔಷಧಿಯೂ ಇಲ್ಲ. ಎದ್ದು ಮತ್ತೆ ಬೇರೆ ಮಾಡಿದೆ. ನಿದ್ದೆಯೂ ಇಲ್ಲ ಡೋಸೂ ಇಲ್ಲ ಎಂಬ ರಾತ್ರಿ ನಾಲ್ಕು, ಅವುಗಳ ಬೆನ್ನಿಗೆ ಫಿಟ್ಸ್ ಮೂರು. ನಿದ್ದೆ ಕಡಿಮೆ ಆದರೆ ಡೋಸ್ ಕೊಟ್ಟ ರಾತ್ರಿ ಮೂರು, ಫಿಟ್ಸ್ ಒಂದು. ನಿದ್ದೆ ಚೆನ್ನಾಗಿದೆ ಆದರೆ ಡೋಸ್ ತಪ್ಪಿದ ರಾತ್ರಿ ಒಂದು, ಮೇ 27. 28ರ ನಸುಕಿಗೆ ಫಿಟ್ಸ್. ಎರಡೂ ಸರಿಯಿದ್ದ ರಾತ್ರಿ 23. ಆ ಪಾಲಿನಲ್ಲಿ ಫಿಟ್ಸ್ ಎರಡು, ಅದರಲ್ಲಿ ಒಂದು ಜ್ವರದ ದಿನದ್ದು. ನಿದ್ದೆಯೋ ಔಷಧಿಯೋ ಎಂದು ಇಷ್ಟು ಸಣ್ಣ ಲೆಕ್ಕದಿಂದ ತೀರ್ಮಾನಿಸಲು ಆಗುವುದಿಲ್ಲ. ಆದ್ದರಿಂದ "ನಿದ್ದೆಗೇಡು ಕಾರಣ" ಎಂಬ ಸಾಲನ್ನು ಹೊಡೆದುಹಾಕಿ ಆ ನಾಲ್ಕು ಗುಂಪುಗಳನ್ನೇ ಹಾಗೆ ಬರೆದೆ.

ಹಾಳೆ ಕೊನೆಗೆ ಹೀಗಾಯಿತು:

```
ಮೇ ತಿಂಗಳು. ವಯಸ್ಸು 7, ತೂಕ 20 ಕಿಲೋ.
ಸಿರಪ್ 3 ಎಂಎಲ್, ಬೆಳಗ್ಗೆ 8, ರಾತ್ರಿ 8.

ಫಿಟ್ಸ್: ಖಚಿತ 7, ಸಂಶಯ 2.
ಬಗೆ: ಬಾಯಿ ಬಲಕ್ಕೆ ಸೊಟ್ಟ, ಜೊಲ್ಲು, ಬಲಗೈ ಜಗ್ಗುವುದು.
ವೇಳೆ: ನಸುಕು 4.30-6.30ಕ್ಕೆ 5, ರಾತ್ರಿ 10.15ಕ್ಕೆ 1,
      ಮಧ್ಯಾಹ್ನ 3ಕ್ಕೆ 1. ಎಲ್ಲವೂ ನಿದ್ದೆಯಲ್ಲಿ.
ಅವಧಿ: ಅಳೆದದ್ದು 3 (1 ನಿ. 20 ಸೆ. - 2 ನಿ. 30 ಸೆ.),
      ಅಂದಾಜು 3, ಆರಂಭ ನೋಡಿಲ್ಲ 1. 5 ನಿಮಿಷ ದಾಟಿದ್ದು ಕಂಡಿಲ್ಲ.
ಡೋಸ್: 62ರಲ್ಲಿ ತಪ್ಪಿದ್ದು 6
      (12, 13, 14, 15, 27 ರಾತ್ರಿ; 6 ಬೆಳಗ್ಗೆ).
      ಸುಮಾರು 18 ಸಲ 3ರ ಬದಲು 2.5 ಎಂಎಲ್.
      ಬಾಟ್ಲಿಯಲ್ಲಿ 14 ಉಳಿಯಬೇಕಿತ್ತು, ಉಳಿದದ್ದು 41.
ರಾತ್ರಿಗಳು: ನಿದ್ದೆ ಕಡಿಮೆ + ಡೋಸ್ ಇಲ್ಲ 4, ಫಿಟ್ಸ್ 3.
      ನಿದ್ದೆ ಕಡಿಮೆ, ಡೋಸ್ ಸರಿ 3, ಫಿಟ್ಸ್ 1.
      ನಿದ್ದೆ ಸರಿ, ಡೋಸ್ ಇಲ್ಲ 1, ಫಿಟ್ಸ್ 1.
      ಎರಡೂ ಸರಿ 23, ಫಿಟ್ಸ್ 2 (ಒಂದು ಜ್ವರದ ದಿನ).
```

ಡೋಸ್ ತಪ್ಪಿದ ಸಾಲು ಬರೆಯುವಾಗ ಕೈ ನಡುಗಿತು. ಬೈಯುತ್ತಾರೆ, ಮಗುವಿಗೆ ಔಷಧಿ ಸರಿಯಾಗಿ ಕೊಡಲು ಬಾರದ ತಾಯಿ ಎಂದುಕೊಳ್ಳುತ್ತಾರೆ ಎಂಬ ಹೆದರಿಕೆ. ಯಜಮಾನರು ಒಮ್ಮೆ, "2 ಅಂತಲೇ ಬರಿ ಬಿಡು" ಎಂದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಬರೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಡಾಕ್ಟರ ಕೋಣೆಯಲ್ಲಿ ತಿಳಿಯಿತು.

ಎರಡನೇ ಭೇಟಿಯಲ್ಲೂ ಎರಡು ತಾಸು ಕಾದೆವು. ಒಳಗೆ ಡಾಕ್ಟರು ಹಾಳೆಯನ್ನು ಒಂದು ನಿಮಿಷವೂ ಓದಲಿಲ್ಲ. ಬೆರಳು ನೇರ 12, 13, 14, 15ರ ಮೇಲೆ ನಿಂತಿತು, ಅಲ್ಲಿಂದ ಮೇಲೆ ನಸುಕಿನ ಐದರ ಮೇಲೆ ಹೋಯಿತು. "ನೋಡ್ರಿ ಅಮ್ಮಾ, 62ರಾಗ 56 ಕೊಟ್ಟೀರಿ, ನೂರಕ್ಕ 90 ಆಯ್ತು. ಚಲೋನೇ ಕಾಣ್ತದ. ಆದ್ರ ತಪ್ಪಿದ ಆರರಾಗ ಐದು ರಾತ್ರಿವು." ಮಕ್ಕಳಲ್ಲಿ ಈ ಔಷಧಿ ಐದಾರು ತಾಸಿಗೊಮ್ಮೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದು ವಿವರಿಸಿದರು. ರಾತ್ರಿ 8ಕ್ಕೆ ಕೊಟ್ಟರೆ ನಸುಕಿನ ಐದಕ್ಕೆ ಒಂಬತ್ತು ತಾಸು ಆಗಿರುತ್ತದೆ, ಮೂರರಲ್ಲಿ ಒಂದು ಪಾಲಿನಷ್ಟು ಇರುತ್ತದೆ. ಆ ಡೋಸ್ ತಪ್ಪಿದರೆ ಹಿಂದಿನ ಬೆಳಗ್ಗೆ ಕೊಟ್ಟದ್ದೇ ಕೊನೆ, 21 ತಾಸು, ಹತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಅವಳಿಗೆ ಫಿಟ್ಸ್ ಬರುವ ವೇಳೆಯೂ, ಔಷಧಿ ತೀರ ತಳ ಕಾಣುವ ವೇಳೆಯೂ ಒಂದೇ.

"ಇದರಾಗ 2 ಅಂತ ಬರೆದು ತಂದಿದ್ರ ಇವತ್ತ ನಾ ಎರಡನೇ ಔಷಧಿ ಶುರು ಮಾಡ್ತಿದ್ದೆ. ಈಗ ಮಾಡಂಗಿಲ್ಲ. ಇದೇ ಡೋಸ್, ಸಿರಿಂಜಿಲೇ, ಈ ತಿಂಗಳು ಮುಗಿಯೋ ತನಕ. ಮಲಗಿದ್ರ ಎಬ್ಬಿಸಿ ಕೊಡ್ರಿ." ಡೋಸ್ ಮರೆತದ್ದು ತಡವಾಗಿ ನೆನಪಾದರೆ ಎಷ್ಟು ಹೊತ್ತಿನೊಳಗೆ ಕೊಡಬಹುದು ಎಂದು ಕೇಳಿ ಚೀಟಿಯಲ್ಲೇ ಬರೆಸಿಕೊಂಡೆ. ಎರಡು ಡೋಸ್ ಒಮ್ಮೆಲೇ ಕೊಡಬೇಡಿ ಎಂದು ಒತ್ತಿ ಹೇಳಿದರು. ನೀವೂ ಇದನ್ನು ನಿಮ್ಮ ಡಾಕ್ಟರಿಂದಲೇ ಕೇಳಿ ಬರೆಸಿಕೊಳ್ಳಿ, ಔಷಧಿಯಿಂದ ಔಷಧಿಗೆ ಬೇರೆ ಇರುತ್ತದೆ. ಐದು ನಿಮಿಷಕ್ಕೂ ನಿಲ್ಲದ ಫಿಟ್ಸಿಗೆಂದು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟು, ಹೇಗೆ ಹಿಡಿಯಬೇಕೆಂದು ಯಜಮಾನರ ಕೈಯಲ್ಲಿ ಮಾಡಿಸಿದರು. ಅತ್ತೆಯವರು ಮಾಡುತ್ತಿದ್ದ ಹಾಗೆ ಕೈಯಲ್ಲಿ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ, ಬಾಯಲ್ಲಿ ಏನೂ ಇಡಬಾರದು, ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಬೇಕು ಎಂದೂ ಹೇಳಿದರು.

ಜೂನ್ ತಿಂಗಳ ಹಾಳೆಗೆ ಅರ್ಧ ತಾಸೂ ಹಿಡಿಯಲಿಲ್ಲ. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ಬೆಳಗ್ಗೆಗೆ ಒಂದು, ರಾತ್ರಿಗೆ ಒಂದು ಗುರುತು. ಕೊಟ್ಟವರೇ, ಕೊಟ್ಟ ಕೂಡಲೇ ಹಾಕಬೇಕು, ಆಮೇಲೆ ನೆನಪಿನಿಂದ ಯಾರೂ ಹಾಕುವಂತಿಲ್ಲ. ಮರೆತರೆ ಖಾಲಿ ಬಿಡುವುದು. ಕೆಳಗೆ ನಿದ್ದೆಯ ತಾಸು, ಫಿಟ್ಸ್ ಇರಲಿ ಇಲ್ಲದಿರಲಿ. ಎರಡು ತಾಸಿಗಿಂತ ತಡವಾದ ಡೋಸಿಗೆ ಸುತ್ತ ಒಂದು ಸೊನ್ನೆ. ಅತ್ತೆಯವರಿಗೆ ಓದು ಬರುವುದಿಲ್ಲ, ಅವರು ಕುಂಕುಮದ ಬೊಟ್ಟು ಇಡುತ್ತಾರೆ. ಬೇರೆ ಊರಿಗೆ ಹೋದರೆ ಆ ಕ್ಯಾಲೆಂಡರ್ ಪುಟ ಹರಿದು ಸಿರಪ್ ಚೀಲದಲ್ಲಿ ಹೋಗುತ್ತದೆ.

ಜೂನ್‌ನಲ್ಲಿ 60 ಡೋಸ್, ತಪ್ಪಿದ್ದು ಇಲ್ಲ, ತಡವಾದದ್ದು ಎರಡು. ಬಾಟ್ಲಿಯ ಉಳಿಕೆ ಒಂದು ಎಂಎಲ್ ಆಚೆ ಈಚೆ ಕೂಡಿತು. ಫಿಟ್ಸ್ ಮೂರು. ಏಳರಿಂದ ಮೂರಕ್ಕೆ ಇಳಿಯಿತು, ಆದರೆ ನಿಲ್ಲಲಿಲ್ಲ. ಒಂದಕ್ಕೆ ನಿದ್ದೆಗೇಡಿತ್ತು, ಎರಡಕ್ಕೆ ಏನೂ ಕಾಣಲಿಲ್ಲ. ಆ ಎರಡರ ಮುಂದೆ "ಕಾರಣ ಕಂಡಿಲ್ಲ" ಎಂದು ಬರೆದೆ. ಮೊದಲಾಗಿದ್ದರೆ ಏನಾದರೂ ಹುಡುಕಿ ತುಂಬಿರುತ್ತಿದ್ದೆ.

ಜುಲೈ 4ಕ್ಕೆ ಹೋದಾಗ ಡಾಕ್ಟರು ಹೇಳಿದರು, "ಪೂರಾ ಡೋಸ್ ಹೋದ ಮ್ಯಾಲೂ ಮೂರು ಬಂದಾವ ಅಂದ್ರ, ಈಗ ಏರಿಸೋದಕ್ಕ ಅರ್ಥ ಅದ." 3 ಎಂಎಲ್ ಇದ್ದದ್ದು 4 ಆಯಿತು. ಜುಲೈ ಹಾಳೆಯಲ್ಲಿ 4ನೇ ತಾರೀಕಿನ ಮೇಲೆ ಅಡ್ಡಗೆರೆ ಎಳೆದಿದ್ದೇನೆ, ಮೇಲಿನದು 3 ಎಂಎಲ್, ಕೆಳಗಿನದು 4. ಎರಡನ್ನು ಕೂಡಿಸಿ ಎಣಿಸಿದರೆ ಏರಿಸಿದ್ದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಬಣ್ಣದ ಗೆರೆಯನ್ನು ಅಳಿಸಿ ಸಿರಿಂಜಿನ 4ರ ಮೇಲೆ ಹಾಕಿದೆವು. ಹೊಸ ಬಾಟ್ಲಿ ಆ ರಾತ್ರಿಯೇ ಒಡೆದದ್ದು, 25 ಡೋಸ್ ಬರುತ್ತದೆ. ಅದರ ಮೇಲೆ ಮಾರ್ಕರಿನಿಂದ "ಮುಗಿಯಬೇಕಾದದ್ದು 16ರ ರಾತ್ರಿ" ಎಂದು ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ.